ಎರಡು ಜೊತೆ ಗ್ಲೌಸಿನ ನಡುವೆ

ಆಸ್ಪತ್ರೆಯಲ್ಲಿ ಗಾಯದ ಪಟ್ಟಿ ಬದಲಾಯಿಸುವುದನ್ನು ನೋಡದವರು ಕಡಿಮೆ. ಸಿಸ್ಟರ್ ಟ್ರಾಲಿ ತಳ್ಳಿಕೊಂಡು ಬರುತ್ತಾರೆ, ಗ್ಲೌಸ್ ಹಾಕಿಕೊಂಡು ಹಳೆಯ ಪಟ್ಟಿ ಬಿಚ್ಚುತ್ತಾರೆ, ಆ ಗ್ಲೌಸ್ ಕಳಚಿ ಬೇರೆ ಗ್ಲೌಸ್ ಹಾಕಿಕೊಂಡು ಗಾಯ ಒರೆಸುತ್ತಾರೆ, ಹೊಸ ಪಟ್ಟಿ ಹಾಕಿ ಹೋಗುತ್ತಾರೆ. ಮಂಚದ ಮೇಲೆ ಮಲಗಿದವರಿಗೆ ಕಾಣುವುದು ಇಷ್ಟು. ಆದರೆ ಮೊದಲ ಜೊತೆ ಗ್ಲೌಸ್ ಕಳಚಿದ ಮೇಲೆ, ಎರಡನೆಯ ಜೊತೆಗೆ ಕೈ ಹಾಕುವ ಮುಂಚೆ ಇನ್ನೊಂದು ಕೆಲಸವಿದೆ. ಬರಿಗೈಗೆ ಹ್ಯಾಂಡ್ ರಬ್ ಸುರಿದುಕೊಂಡು 20ರಿಂದ 30 ಸೆಕೆಂಡು ಉಜ್ಜಬೇಕು. ಕೈಗೆ ರಕ್ತವೋ ಕೀವೋ ಕಣ್ಣಿಗೆ ಕಾಣುವಂತೆ ತಗುಲಿದ್ದರೆ ಹ್ಯಾಂಡ್ ರಬ್ ಸಾಲದು, ನಲ್ಲಿಯ ಹತ್ತಿರ ಹೋಗಿ ಸೋಪಿನಿಂದ ತೊಳೆಯಬೇಕು. ತೊಳೆದು, ಒರೆಸಿಕೊಂಡು ಮುಗಿಸುವುದಕ್ಕೆ 40ರಿಂದ 60 ಸೆಕೆಂಡು ಬೇಕು.

ಈ ಒಂದು ಹೆಜ್ಜೆಯನ್ನು ಬಿಟ್ಟರೆ ಗೊತ್ತೇ ಆಗುವುದಿಲ್ಲ. ಮರುಕ್ಷಣವೇ ಹೊಸ ಗ್ಲೌಸ್ ಆ ಕೈಯನ್ನು ಮುಚ್ಚುತ್ತದೆ. ಗೊತ್ತಾಗುವುದೇನಿದ್ದರೂ ಪಕ್ಕದಲ್ಲಿ ಕಿಡ್ನಿ ಟ್ರೇ ಹಿಡಿದು ನಿಂತವರಿಗೆ. ಅವರು ನರ್ಸಿಂಗ್ ಓದುತ್ತಿರುವ ಹುಡುಗಿಯಾಗಿದ್ದು, ಹೆಜ್ಜೆ ಬಿಟ್ಟವಳು ಅವಳದೇ ತರಗತಿಯ ಗೆಳತಿಯಾಗಿದ್ದರೆ ಏನು ಮಾಡಬೇಕು? ಪ್ರತಿ ವರ್ಷ ಸಾವಿರಾರು ಹುಡುಗ ಹುಡುಗಿಯರು ವಾರ್ಡುಗಳಲ್ಲಿ ಕೆಲಸ ಕಲಿಯುವ ನಮ್ಮ ರಾಜ್ಯದಲ್ಲಿ ಇದು ದಿನನಿತ್ಯ ಎದುರಾಗಬಹುದಾದ ಪ್ರಶ್ನೆ. ಉತ್ತರವನ್ನು ಒಂದು ಸಣ್ಣ ಕಥೆಯ ಜೊತೆ ಹುಡುಕಿದರೆ ಸುಲಭ. ಕಥೆಯ ಪಾತ್ರಗಳು ಕಲ್ಪಿತ. ಅವರು ಮಾಡುವ ಕೆಲಸದ ಕ್ರಮ ಮಾತ್ರ ವಾರ್ಡಿನಲ್ಲಿ ಇರುವಂಥದ್ದೇ.

ರೇಖಾ ಮತ್ತು ಶಿಲ್ಪಾ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷದವರು, ಹಾಸ್ಟೆಲಿನಲ್ಲಿ ಒಂದೇ ರೂಮು. ಆ ತಿಂಗಳು ಅವರ ಪೋಸ್ಟಿಂಗ್ ಜಿಲ್ಲಾಸ್ಪತ್ರೆಯ ಹೆಂಗಸರ ಸರ್ಜಿಕಲ್ ವಾರ್ಡಿಗೆ. ಬೆಳಗಿನ ಡ್ರೆಸಿಂಗ್ ನಡೆಯುತ್ತಿತ್ತು. ಆರನೇ ಮಂಚದಲ್ಲಿ ಗೌರಮ್ಮ, 54 ವರ್ಷ, ಸಕ್ಕರೆ ಕಾಯಿಲೆ ಇದೆ. ಪಿತ್ತಕೋಶದಲ್ಲಿ ಕಲ್ಲಾಗಿ ಹೊಟ್ಟೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿ ಮೂರು ದಿನವಾಗಿತ್ತು. ಪಟ್ಟಿಯ ಕೆಳಭಾಗದಲ್ಲಿ ಸ್ವಲ್ಪ ನೀರು ಒಸರಿ ಒದ್ದೆಯಾಗಿತ್ತು. ಶಿಲ್ಪಾ ಡ್ರೆಸಿಂಗ್ ಮಾಡುವವಳು, ರೇಖಾ ಸಹಾಯಕ್ಕೆ.

ಶಿಲ್ಪಾ ಕೆಲಸದಲ್ಲಿ ಚುರುಕು. ಹಳೆಯ ಪಟ್ಟಿಯನ್ನು ನೋವಾಗದಂತೆ ಬಿಡಿಸಿ ಹಳದಿ ಚೀಲಕ್ಕೆ ಹಾಕಿದಳು, ಗ್ಲೌಸ್ ಕಳಚಿ ಕೆಂಪು ಚೀಲಕ್ಕೆ ಹಾಕಿದಳು. ಅಲ್ಲಿಯವರೆಗೆ ಪುಸ್ತಕದಲ್ಲಿ ಇದ್ದ ಹಾಗೆಯೇ. ಆಮೇಲೆ ಅದೇ ಕೈಯಲ್ಲಿ ಟ್ರಾಲಿಯ ಮೇಲಿದ್ದ ಸಲೈನ್ ಬಾಟಲಿ ಎತ್ತಿ ಬಟ್ಟಲಿಗೆ ಸುರಿದಳು, ಸ್ಟೆರೈಲ್ ಗ್ಲೌಸಿನ ಪೊಟ್ಟಣ ಬಿಚ್ಚಿ ಹಾಕಿಕೊಂಡಳು, ಗಾಯ ಒರೆಸತೊಡಗಿದಳು. ರೇಖಾ ನೋಡಿದಳು, ಸುಮ್ಮನಿದ್ದಳು. ಗೌರಮ್ಮನವರು ಎಚ್ಚರವಾಗಿದ್ದರು, ಮಗಳು ಪಕ್ಕದಲ್ಲೇ ನಿಂತಿದ್ದಳು. ಅವರೆದುರು ಗೆಳತಿಯ ತಪ್ಪು ಎತ್ತಿ ಆಡುವುದು ಹೇಗೆ ಎಂದು ಅವಳಿಗೆ ತೋಚಲಿಲ್ಲ.

ಏಳನೇ ಮಂಚದಲ್ಲೂ ಅದೇ ಆಯಿತು. ಈ ಸಲ ರೇಖಾ ಮೆಲ್ಲಗೆ ಅಂದಳು:

"ಶಿಲ್ಪಾ, ರಬ್ ಹಾಕ್ಕೊಂಡು ಆಮೇಲೆ ಹಾಕ್ಕೋ."

"ಸ್ಟೆರೈಲ್ ಗ್ಲೌಸೇ ಹಾಕ್ಕೋತಿದೀನಲ್ಲ ಕಣೇ, ಇನ್ನ್ಯಾಕೆ?"

ಶಿಲ್ಪಾಳ ಮಾತು ಸೋಮಾರಿತನದ್ದಲ್ಲ. ಅವಳು ಅದನ್ನು ನಿಜವೆಂದೇ ನಂಬಿದ್ದಾಳೆ. ವಾರ್ಡುಗಳಲ್ಲಿ ಈ ನಂಬಿಕೆ ಬಹಳ ಜನರಿಗಿದೆ, ಓದು ಮುಗಿಸಿ ಹತ್ತು ವರ್ಷ ಕೆಲಸ ಮಾಡಿದವರಿಗೂ ಇದೆ. ಆದ್ದರಿಂದ ಕಥೆ ಸ್ವಲ್ಪ ನಿಲ್ಲಲಿ, ಗ್ಲೌಸಿನ ವಿಚಾರ ನೋಡೋಣ.

ಗ್ಲೌಸ್ ಕೈಯ ಕೊಳೆಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಹೊಸ ಗ್ಲೌಸಿನಲ್ಲೂ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಳಸುವಾಗ ಹರಿಯಬಹುದು. ಅದಕ್ಕಿಂತ ದೊಡ್ಡ ತೊಂದರೆ ಕಳಚುವಾಗ. ಒದ್ದೆ ಪಟ್ಟಿಯನ್ನು ಮುಟ್ಟಿದ ಹೊರಮೈ ಮಣಿಕಟ್ಟಿಗೋ ಬೆರಳಿಗೋ ತಾಗುವುದು ಅಭ್ಯಾಸವಿದ್ದವರಿಗೂ ತಪ್ಪುವುದಿಲ್ಲ. ಜೊತೆಗೆ ಗ್ಲೌಸಿನೊಳಗೆ ಕೈ ಬೆವರಿ ಬೆಚ್ಚಗಿರುತ್ತದೆ. ಚರ್ಮದಲ್ಲಿ ಮೊದಲೇ ಇದ್ದ ಸೂಕ್ಷ್ಮಾಣುಗಳು ಬೆಳೆಯುವುದಕ್ಕೆ ಅದು ಅನುಕೂಲ. ಹೀಗಾಗಿ ಗ್ಲೌಸ್ ಕಳಚಿದ ಕೈ ಶುದ್ಧವಾಗಿದೆ ಎಂದು ತಿಳಿಯುವ ಹಾಗಿಲ್ಲ.

ಆ ಕೈ ಮುಂದೆ ಏನೇನು ಮುಟ್ಟಿತು ನೋಡಿ. ಸಲೈನ್ ಬಾಟಲಿ, ಪೊಟ್ಟಣದ ಹೊದಿಕೆ, ಟ್ರಾಲಿಯ ಹಿಡಿ. ಸ್ಟೆರೈಲ್ ಗ್ಲೌಸ್ ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಬರಿಗೈಯಿಂದ ಮುಟ್ಟಬಹುದಾದ್ದು ಮಡಚಿದ ಅಂಚಿನ ಒಳಮೈಯನ್ನು ಮಾತ್ರ. ಕಲಿಯುವವರ ಬೆರಳು ಹೊರಮೈಗೆ ತಾಗುವುದು ಸಾಮಾನ್ಯ. ತಾಗಿದರೆ ಗ್ಲೌಸಿನ ಸ್ಟೆರೈಲುತನ ಅಲ್ಲಿಗೇ ಮುಗಿಯಿತು. ಇನ್ನು ಸಲೈನ್ ಬಾಟಲಿ ಆರನೇ ಮಂಚದಿಂದ ಏಳಕ್ಕೆ, ಎಂಟಕ್ಕೆ, ಒಂಬತ್ತಕ್ಕೆ ಅದೇ ಟ್ರಾಲಿಯಲ್ಲಿ ಹೋಗುತ್ತದೆ. ಬಿಟ್ಟುಹೋದ ಒಂದು ಹೆಜ್ಜೆ ಗೌರಮ್ಮನವರ ಗಾಯಕ್ಕೆ ಸೀಮಿತವಾದದ್ದಲ್ಲ, ಟ್ರಾಲಿ ಹೋದಲ್ಲೆಲ್ಲ ಅದರ ಪಾಲುದಾರರಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ, ಆಸ್ಪತ್ರೆಯ ಕೆಲಸದಲ್ಲಿ ಕೈ ಶುದ್ಧ ಮಾಡಿಕೊಳ್ಳಲೇಬೇಕಾದ 5 ಸಂದರ್ಭಗಳನ್ನು ಹೇಳುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ, ಇವು ಮೂರು. ಉಳಿದ ಎರಡು, ರಕ್ತ ಕೀವುಗಳ ಸಂಪರ್ಕ ಆಗಿರಬಹುದಾದ ಕೆಲಸದ ನಂತರ ಮತ್ತು ಸೋಂಕು ತಗುಲಬಾರದ ಕೆಲಸದ ಮೊದಲು. ಡ್ರೆಸಿಂಗಿನಲ್ಲಿ ಎರಡು ಜೊತೆ ಗ್ಲೌಸಿನ ನಡುವಿನ ಗಳಿಗೆ ಇದೆಯಲ್ಲ, ಅಲ್ಲಿ ಈ ಕೊನೆಯ ಎರಡೂ ಒಟ್ಟಿಗೆ ಬಂದು ಸೇರುತ್ತವೆ. ಹಿಂದೆ ಒದ್ದೆ ಪಟ್ಟಿ, ಮುಂದೆ ತೆರೆದ ಗಾಯ. ಇಡೀ ಕೆಲಸದಲ್ಲಿ ಬಿಡಲೇಬಾರದ ಹೆಜ್ಜೆ ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಶಿಲ್ಪಾಗೆ ರೇಖಾ ಇಷ್ಟೆಲ್ಲ ವಿವರಿಸಲಿಲ್ಲ. ವಾರ್ಡಿನ ನಡುವೆ ಅದು ಸಾಧ್ಯವೂ ಇಲ್ಲ. ಎಂಟನೇ ಮಂಚಕ್ಕೆ ಹೋದಾಗ ಅವಳು ಬೇರೆಯೇ ಕೆಲಸ ಮಾಡಿದಳು. ಶಿಲ್ಪಾ ಗ್ಲೌಸ್ ಕಳಚುತ್ತಿದ್ದ ಹಾಗೆ ಹ್ಯಾಂಡ್ ರಬ್ ಬಾಟಲಿ ತಂದು ಅವಳ ಅಂಗೈ ಮೇಲೆ ಹಿಡಿದಳು. ಟ್ರಾಲಿಯಲ್ಲಿದ್ದ ಬಾಟಲಿಯ ಪಂಪು ಕೆಟ್ಟಿತ್ತು, ಎಷ್ಟು ಒತ್ತಿದರೂ ಬರಲಿಲ್ಲ. ನರ್ಸಿಂಗ್ ಸ್ಟೇಷನ್ನಿನ ತನಕ ಹೋಗಿ ಇನ್ನೊಂದನ್ನು ತರಬೇಕಾಯಿತು. ಶಿಲ್ಪಾ ಹುಬ್ಬು ಗಂಟಿಕ್ಕಿದಳು, ಆದರೆ ಉಜ್ಜಿಕೊಂಡಳು.

ಮುಂದಿನ ಮಂಚದವರಿಗೆ ತೊಂದರೆ ಆಗದ ಹಾಗೆ ನೋಡಿಕೊಂಡದ್ದಾಯಿತು. ಗೌರಮ್ಮನವರದು ಮತ್ತು ಏಳನೇ ಮಂಚದವರದು ಆಗಿಹೋದ ಮಾತು. ಅದನ್ನು ಹೇಳಬೇಕೋ ಬೇಡವೋ? ಊಟದ ಹೊತ್ತಿನವರೆಗೂ ರೇಖಾಳ ತಲೆಯಲ್ಲಿ ಇದೇ.

ಹೇಳದಿರುವುದಕ್ಕೆ ಅವಳ ಬಳಿ ಇದ್ದ ಕಾರಣಗಳು ಹಗುರವಾದವಲ್ಲ. ಇಂಟರ್ನಲ್ ಮಾರ್ಕ್ಸ್ ಕೊಡುವವರು ಅದೇ ಮೇಡಂ. ಶಿಲ್ಪಾಳ ಅಪ್ಪ ಸಾಲ ಮಾಡಿ ಫೀಸು ಕಟ್ಟುತ್ತಿದ್ದಾರೆ. ಒಮ್ಮೆ ಚಾಡಿಕೋರಳು ಎಂಬ ಹೆಸರು ಬಂದರೆ ಹಾಸ್ಟೆಲಿನಲ್ಲಿ ಕೋರ್ಸು ಮುಗಿಯುವ ತನಕ ಬದುಕುವುದು ಕಷ್ಟ. ಅಮ್ಮನಿಗೆ ಫೋನು ಮಾಡಿದರೆ ಅವರೂ ಅದನ್ನೇ ಹೇಳಿದರು: "ಊರ ಉಸಾಬರಿ ನಿನಗ್ಯಾಕಮ್ಮಾ, ನಿನ್ನ ಪಾಡು ನೀನು ನೋಡ್ಕೋ." ಇದೆಲ್ಲಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿತ್ತು. ಬಹುಶಃ ಏನೂ ಆಗುವುದಿಲ್ಲ.

ಅದು ನಿಜ. ಒಂದು ಸಲ ಕೈ ಉಜ್ಜದಿದ್ದರೆ ಹೆಚ್ಚಿನ ಸಲ ಸೋಂಕು ಆಗುವುದಿಲ್ಲ. ದೇಹಕ್ಕೆ ತನ್ನದೇ ರಕ್ಷಣೆ ಇದೆ, ಆಂಟಿಬಯೋಟಿಕ್ ಕೂಡ ಕೊಟ್ಟಿರಬಹುದು. ಈ ತಪ್ಪು ವಾರ್ಡಿನಲ್ಲಿ ಬೇರುಬಿಟ್ಟಿರುವುದಕ್ಕೆ ಕಾರಣವೇ ಇದು. ಬೆಂಕಿ ಮುಟ್ಟಿದ ಕೈ ಕೂಡಲೇ ಸುಡುತ್ತದೆ, ಹಾಗಾಗಿ ಯಾರೂ ಎರಡನೇ ಸಲ ಮುಟ್ಟುವುದಿಲ್ಲ. ಉಜ್ಜದ ಕೈಯ ಫಲ ಕಾಣಿಸುವುದಿದ್ದರೆ ದಿನಗಳ ಮೇಲೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು ಸಾಮಾನ್ಯವಾಗಿ 30 ದಿನಗಳವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಷ್ಟರೊಳಗೆ ರೋಗಿ ಮನೆಗೆ ಹೋಗಿರುತ್ತಾರೆ, ವಿದ್ಯಾರ್ಥಿನಿಯ ಪೋಸ್ಟಿಂಗ್ ಬೇರೆ ವಾರ್ಡಿಗೆ ಆಗಿರುತ್ತದೆ. ಯಾವ ಕೈಯಿಂದ ಬಂದದ್ದೆಂದು ಯಾರೂ ತೋರಿಸಲಾರರು. ಹೀಗಾಗಿ ಫಲ ನೋಡಿಕೊಂಡು ಹೇಳೋಣ ಎಂದು ಕಾದು ಕೂತರೆ ಹೇಳುವ ದಿನ ಬರುವುದೇ ಇಲ್ಲ. ಹೆಜ್ಜೆ ಬಿಟ್ಟದ್ದು ಕಂಡಿತೋ ಇಲ್ಲವೋ ಎಂಬುದೊಂದೇ ಆಧಾರ.

ಇನ್ನೂ ಒಂದು ವಿಷಯವನ್ನು ರೇಖಾ ಯೋಚಿಸಿದಳು, ಅವಳ ನಿರ್ಧಾರಕ್ಕೆ ಅದೇ ದಾರಿ ಮಾಡಿದ್ದು. ಗೌರಮ್ಮನವರಿಗೆ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಕುಂದುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಇಂಥವರ ಗಾಯದ ಮೇಲೆ ಮುಂದಿನ ದಿನಗಳಲ್ಲಿ ಸ್ವಲ್ಪ ಹೆಚ್ಚು ಕಣ್ಣಿಡಬೇಕು. ಸುತ್ತ ಕೆಂಪಾಗಿದೆಯೇ, ಮುಟ್ಟಿದರೆ ಬಿಸಿಯಿದೆಯೇ, ಬಾವು ಬಂದಿದೆಯೇ, ನೋವು ಇಳಿಯುವ ಬದಲು ಏರುತ್ತಿದೆಯೇ, ಒಸರುವ ನೀರು ಕೀವಾಗುತ್ತಿದೆಯೇ, ಜ್ವರ ಇದೆಯೇ. ಕಣ್ಣಿಡಬೇಕಾದ ಸಿಸ್ಟರಿಗೆ ವಿಷಯವೇ ಗೊತ್ತಿಲ್ಲದಿದ್ದರೆ? ಶಿಲ್ಪಾಳಿಗೆ ಶಿಕ್ಷೆ ಆಗಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ, ಗೌರಮ್ಮನವರ ಗಾಯವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ರೇಖಾಳಿಗೆ ಬೆಳಗಿನಿಂದ ಕಷ್ಟವಾಗಿದ್ದು.

ಊಟಕ್ಕೆ ಕೂತಾಗ ಅವಳು ಶಿಲ್ಪಾಳಿಗೆ ನೇರವಾಗಿ ಹೇಳಿದಳು. "ಆರನೇ ಬೆಡ್ಡು, ಏಳನೇ ಬೆಡ್ಡು ಎರಡಕ್ಕೂ ರಬ್ ಮಾಡದೇ ಗ್ಲೌಸ್ ಹಾಕ್ಕೊಂಡೆ. ಮೇಡಂ ಹತ್ರ ನೀನೇ ಹೇಳು, ನಾನೂ ಜೊತೆಗೆ ಬರ್ತೀನಿ. ಡ್ಯೂಟಿ ಮುಗಿಯೋದ್ರೊಳಗೆ ಹೇಳ್ಲೇಬೇಕು ಕಣೇ."

ಶಿಲ್ಪಾ ಒಪ್ಪಲಿಲ್ಲ. ಎಲ್ಲರೂ ಹಾಗೇ ಮಾಡ್ತಾರೆ, ನಿನ್ನೆ ಸಿಸ್ಟರ್ ಕೂಡ ಮಾಡಲಿಲ್ಲ, ನಾನೊಬ್ಬಳೇ ಸಿಕ್ಕಿದ್ನಾ ಎಂದಳು. ತಟ್ಟೆ ಬಿಟ್ಟು ಎದ್ದು ಹೋದಳು.

ರೇಖಾ ಮೇಡಂ ಬಳಿಗೆ ಒಬ್ಬಳೇ ಹೋದಳು. ಅವಳು ಏನು ಹೇಳಿದಳು ಎಂಬುದಕ್ಕಿಂತ ಹೇಗೆ ಹೇಳಿದಳು ಎಂಬುದನ್ನು ನರ್ಸಿಂಗ್ ಓದುವ ಮಕ್ಕಳು ಗಮನಿಸಬೇಕು. "ಶಿಲ್ಪಾ ಸರಿಯಾಗಿ ಕೈ ತೊಳೆಯಲ್ಲ ಮೇಡಂ" ಎನ್ನಲಿಲ್ಲ. ಅದು ವ್ಯಕ್ತಿಯ ಮೇಲಿನ ದೂರು, ಅದರಿಂದ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅವಳು ಹೇಳಿದ್ದು ಹೀಗೆ: "ಬೆಳಿಗ್ಗೆ ಡ್ರೆಸಿಂಗಲ್ಲಿ ಆರು ಮತ್ತೆ ಏಳನೇ ಬೆಡ್ಡಿಗೆ ಹಳೇ ಪಟ್ಟಿ ತೆಗೆದ ಮೇಲೆ ಹ್ಯಾಂಡ್ ರಬ್ ಆಗಿಲ್ಲ ಮೇಡಂ. ಅದೇ ಕೈಯಲ್ಲಿ ಸಲೈನ್ ಬಾಟಲ್ ಮುಟ್ಟಿದೀವಿ. ಟ್ರಾಲೀಲಿರೋ ರಬ್ ಬಾಟಲ್ ಪಂಪ್ ಕೆಟ್ಟಿದೆ. ಗೌರಮ್ಮನವರಿಗೆ ಶುಗರ್ ಇದೆ, ಗಾಯ ನೋಡ್ತಾ ಇರ್ಬೇಕು. ಆರನೇ ಬೆಡ್ಡಲ್ಲೇ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ." ಯಾವ ಮಂಚ, ಯಾವ ಹೆಜ್ಜೆ, ಯಾವ ವಸ್ತು, ಏನು ಆಗಬೇಕು, ಎಲ್ಲವೂ ಅದರಲ್ಲಿದೆ. ಡ್ರೆಸಿಂಗ್ ಮಾಡಿದ್ದು ಯಾರು ಎಂದು ಮೇಡಂ ಕೇಳಿದಾಗ ಹೆಸರು ಹೇಳಿದಳು. ಮುಚ್ಚಿಡಲೂ ಇಲ್ಲ, ಮುಂದಿಡಲೂ ಇಲ್ಲ.

ಮೇಡಂ ಮೊದಲು ಮಾಡಿದ್ದು ಟ್ರಾಲಿಯ ಹತ್ತಿರ ಹೋದದ್ದು. ತೆರೆದಿದ್ದ ಸಲೈನ್ ಬಾಟಲಿ ಬಿಸಾಕಿಸಿದರು, ಟ್ರಾಲಿ ಒರೆಸಿಸಿದರು, ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೆ ಎರಡು ಗಾಯಗಳ ವಿಷಯ ತಿಳಿಸಿದರು, ಡಾಕ್ಟರಿಗೂ ಹೇಳಿಸಿದರು. ಮಂಚಗಳ ಬುಡದಲ್ಲಿದ್ದ ಹ್ಯಾಂಡ್ ರಬ್ ಬಾಟಲಿಗಳನ್ನು ನೋಡಿದರೆ ಅರ್ಧಕ್ಕರ್ಧ ಖಾಲಿ. ಶಿಲ್ಪಾಳನ್ನು ಕರೆದದ್ದು ಇದೆಲ್ಲ ಆದ ಮೇಲೆ. ಬೈಯಲಿಲ್ಲ, ಮಾರ್ಕ್ಸ್ ಕಡಿಯಲಿಲ್ಲ. ಡ್ರೆಸಿಂಗನ್ನು ಮೊದಲಿನಿಂದ ತಮ್ಮೆದುರು ಮಾಡಿಸಿದರು. ಕಾಲೇಜಿನ ಲ್ಯಾಬಿನಲ್ಲಿ ಕೈಗೆ ಹೊಳೆಯುವ ಲೋಷನ್ ಹಚ್ಚಿ ಉಜ್ಜಿಸಿ ಅತಿನೇರಳೆ ದೀಪದಡಿ ತೋರಿಸಿದರು. ಎಲ್ಲಿ ಲೋಷನ್ ತಲುಪಿಲ್ಲವೋ ಅಲ್ಲಿ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು. ಶಿಲ್ಪಾಳ ಕೈಯಲ್ಲಿ ಮಾತ್ರವಲ್ಲ, ರೇಖಾಳ ಹೆಬ್ಬೆರಳೂ ಕಪ್ಪಾಗಿಯೇ ಇತ್ತು. ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ ಉಜ್ಜುವುದು, ಬೆರಳ ತುದಿಗಳನ್ನು ಅಂಗೈಯಲ್ಲಿ ಸುತ್ತಿಸಿ ಉಜ್ಜುವುದು ಕ್ರಮದ ಭಾಗವಾಗಿರುವುದು ಅದಕ್ಕಾಗಿಯೇ.

ಮೇಡಂ ನಡೆದುಕೊಂಡ ರೀತಿ ಕಥೆಯಲ್ಲಿ ಮಾತ್ರ ಸಾಧ್ಯ ಎಂದು ಓದುಗರಿಗೆ ಅನ್ನಿಸಬಹುದು. ಹಾಗಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2001ರಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ತೀವ್ರ ನಿಗಾ ಘಟಕದ ವೈದ್ಯರು ಒಂದು ಪ್ರಯೋಗ ಮಾಡಿದರು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವ ಕೆಲಸಕ್ಕೆ 5 ಹೆಜ್ಜೆಗಳ ಪಟ್ಟಿ ಬರೆದರು. ಮೊದಲನೆಯದೇ ಕೈ ತೊಳೆಯುವುದು. ಯಾವ ವೈದ್ಯರಿಗೂ ಗೊತ್ತಿಲ್ಲದ ಸಂಗತಿ ಅದರಲ್ಲಿ ಒಂದೂ ಇರಲಿಲ್ಲ. ಒಂದು ತಿಂಗಳು ಸುಮ್ಮನೆ ನೋಡಿ ಎಂದು ನರ್ಸ್‌ಗಳಿಗೆ ಹೇಳಿದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರೋಗಿಗಳಲ್ಲಿ ವೈದ್ಯರು ಕನಿಷ್ಠ ಒಂದು ಹೆಜ್ಜೆ ಬಿಟ್ಟಿದ್ದರು. ಆಮೇಲೆ ಆಡಳಿತದವರನ್ನು ಒಪ್ಪಿಸಿ ಹೊಸ ಅಧಿಕಾರ ಕೊಡಿಸಿದರು: ವೈದ್ಯರು ಹೆಜ್ಜೆ ಬಿಟ್ಟರೆ ನರ್ಸ್ ಕೆಲಸವನ್ನು ಅಲ್ಲಿಯೇ ನಿಲ್ಲಿಸಬಹುದು. ಇದೇ ಪದ್ಧತಿಯನ್ನು ಮಿಚಿಗನ್ ರಾಜ್ಯದ ನೂರಕ್ಕೂ ಹೆಚ್ಚು ನಿಗಾ ಘಟಕಗಳಲ್ಲಿ ತಂದು, ಫಲವನ್ನು 2006ರಲ್ಲಿ ಪ್ರಕಟಿಸಿದರು. ನಳಿಕೆಯಿಂದ ಬರುವ ರಕ್ತದ ಸೋಂಕು ಮೂರರಲ್ಲಿ ಎರಡು ಪಾಲಿನಷ್ಟು ಇಳಿದಿತ್ತು. ಅದು ಮೊದಲು ಮತ್ತು ನಂತರದ ಹೋಲಿಕೆಯಷ್ಟೇ, ಬೇರೆ ಕಾರಣಗಳೂ ಸೇರಿರಬಹುದು. ಪಟ್ಟಿಯೊಂದರಿಂದಲೇ ಅಷ್ಟಾಯಿತು ಎನ್ನಲು ಬಾರದು. ಆದರೆ ಪಕ್ಕದಲ್ಲಿ ನಿಂತವರ ಬಾಯಿಗೆ ಕಟ್ಟಿದ ಬೀಗ ತೆಗೆಯದೆ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರೆ ಅದು ಗೋಡೆಯಲ್ಲೇ ಇರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಂಶೋಧನೆ ಇದಕ್ಕಿಂತ ವಿಚಿತ್ರವಾದದ್ದು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿರುವ, ಒಳ್ಳೆಯ ಮುಖ್ಯಸ್ಥರಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಅಂಕಿಗಳು ತಿರುಗುಮುರುಗಾಗಿ ಬಂದವು. ಅಂಥ ವಾರ್ಡುಗಳಲ್ಲೇ ವರದಿಯಾದ ತಪ್ಪು ಹೆಚ್ಚು. ಕೆದಕಿ ನೋಡಿದಾಗ ಅವರಿಗೆ ಹೊಳೆದದ್ದು, ಅಲ್ಲಿಯ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಹೆದರದೆ ಹೇಳುತ್ತಿದ್ದರು. ಹೆದರಿಕೆಯಿರುವ ಕಡೆ ದಾಖಲೆ ಚೊಕ್ಕಟವಾಗಿರುತ್ತಿತ್ತು. ನಮ್ಮ ಯಾವುದಾದರೂ ಆಸ್ಪತ್ರೆಯವರು ತಮ್ಮಲ್ಲಿ ವರ್ಷವಿಡೀ ಒಂದೂ ದೂರು ಬಂದಿಲ್ಲ ಎಂದರೆ ಸಂತೋಷಪಡುವ ಮೊದಲು ಇದನ್ನು ನೆನೆಯಬೇಕು.

ಕಥೆಗೆ ಮರಳಿದರೆ ಹೇಳಬೇಕಾದ್ದು ಕೊಂಚವೇ ಇದೆ. ಗೌರಮ್ಮನವರ ಗಾಯಕ್ಕೆ ಏನೂ ಆಗಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದರು. ಏಳನೇ ಮಂಚದವರ ಗಾಯದ ಅಂಚು ಎರಡು ದಿನ ಕೆಂಪಾಗಿತ್ತು, ಡಾಕ್ಟರು ನೋಡಿದರು, ಇಳಿಯಿತು. ಅದು ಆ ಬೆಳಗಿನ ಕೈಯಿಂದ ಬಂದದ್ದೋ ಅಲ್ಲವೋ ಯಾರೂ ಹೇಳುವ ಹಾಗಿರಲಿಲ್ಲ. ಟ್ರಾಲಿಗೆ ಹೊಸ ಬಾಟಲಿ ಬಂತು, ಬೆಳಿಗ್ಗೆ ಡ್ಯೂಟಿ ವಹಿಸಿಕೊಳ್ಳುವಾಗ ಹ್ಯಾಂಡ್ ರಬ್ ತುಂಬಿದೆಯೇ ಎಂದು ನೋಡಿ ಸಹಿ ಹಾಕುವ ಕ್ರಮ ಶುರುವಾಯಿತು. ಶಿಲ್ಪಾ ಎಷ್ಟೋ ದಿನ ರೇಖಾಳ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಆದರೆ ರೂಮು ಬದಲಾಯಿಸಿಕೊಂಡಳು. ಹೇಳಿದ್ದಕ್ಕೆ ರೇಖಾ ತೆತ್ತ ಬೆಲೆ ಅದು. ಅದನ್ನು ಸಣ್ಣದು ಎನ್ನಲು ನನಗೆ ಮನಸ್ಸಿಲ್ಲ.

ರೇಖಾ ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವಳಂಥವರು ಇಷ್ಟು ಒಂಟಿಯಾಗದಂತೆ ನೋಡಿಕೊಳ್ಳುವುದು ಕಾಲೇಜಿನವರ ಕೈಯಲ್ಲಿದೆ. ವಿದ್ಯಾರ್ಥಿಗಳು ಬಿಟ್ಟುಹೋದ ಹೆಜ್ಜೆಯನ್ನು ತಿಳಿಸುವುದನ್ನೂ, ಮಾರ್ಕ್ಸ್ ಕೊಡುವುದನ್ನೂ ಒಬ್ಬರೇ ನೋಡಿಕೊಳ್ಳುವ ಏರ್ಪಾಡು ಇರಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣಕ್ಕೆಂದೇ ನರ್ಸ್ ಇರುತ್ತಾರೆ, ವಿದ್ಯಾರ್ಥಿಗಳು ನೇರವಾಗಿ ಅವರಿಗೆ ಹೇಳಲು ದಾರಿ ಇರಲಿ. ಪೋಸ್ಟಿಂಗಿನ ಮೊದಲ ದಿನವೇ, ಪಕ್ಕದವರು "ರಬ್" ಎಂದರೆ ವಾದ ಮಾಡದೆ ಉಜ್ಜಿಕೊಳ್ಳುವುದು ಎಂಬ ಒಪ್ಪಂದವನ್ನು ಎಲ್ಲರೆದುರು ಮಾಡಿಸಲಿ. ಆಗ ಆರನೇ ಮಂಚದಲ್ಲಿಯೇ ಒಂದು ಮಾತಿನಲ್ಲಿ ಮುಗಿಯುತ್ತದೆ.

ಮನೆಯಲ್ಲಿ ನರ್ಸಿಂಗ್ ಓದುವ ಮಗಳೋ ಮಗನೋ ಇದ್ದರೆ, ಒಂದು ರಾತ್ರಿ ಫೋನು ಮಾಡಿ ಇಂಥದ್ದೇನಾದರೂ ಹೇಳಿಕೊಂಡರೆ, ಊರ ಉಸಾಬರಿ ನಿನಗೇಕೆ ಎಂದು ದಯವಿಟ್ಟು ಹೇಳಬೇಡಿ. ಯಾವ ಮಂಚದ ರೋಗಿ, ಯಾರಿಗೆ ತಿಳಿಸಿದೆ ಎಂದು ಕೇಳಿ.